ಬೂಟ್ ಆಗದ ಲ್ಯಾಪ್‌ಟಾಪ್: ರಿಪೇರಿಗೆ ಪಡೆಯುವಾಗಿನ ತಪಾಸಣಾ ಪಟ್ಟಿ

ಜಾಬ್ ಸಂಖ್ಯೆ: 417
ಯಂತ್ರ: 14 ಇಂಚು, ಟೈಪ್-ಸಿ ಚಾರ್ಜಿಂಗ್, 512 ಜಿಬಿ ಎನ್‌ವಿಎಂಇ ಎಸ್‌ಎಸ್‌ಡಿ, 8 ಜಿಬಿ ರ‍್ಯಾಮ್ ಬೋರ್ಡಿಗೇ ಬೆಸೆದದ್ದು, 8 ಜಿಬಿ ಸ್ಲಾಟ್‌ನಲ್ಲಿ
ಜೊತೆಗೆ ಬಂದದ್ದು: 65 ವ್ಯಾಟ್ ಅಡಾಪ್ಟರ್, ಕೇಬಲ್. ಚೀಲ ಇಲ್ಲ.

1. ಗ್ರಾಹಕರ ಮಾತು, ಅವರದೇ ಶಬ್ದಗಳಲ್ಲಿ

‘ಆನ್ ಆಗುತ್ತಿಲ್ಲ’ ಎಂದು ಬರೆದು ಮುಗಿಸಬಾರದು. ದೀಪವೇ ಬರುವುದಿಲ್ಲವೋ, ದೀಪ ಬಂದು ಪರದೆ ಕಪ್ಪೋ, ಲೋಗೋದಲ್ಲಿ ನಿಲ್ಲುತ್ತದೆಯೋ, ವಿಂಡೋಸ್ ಅರ್ಧಕ್ಕೆ ಬೀಳುತ್ತದೆಯೋ? ನಾಲ್ಕೂ ಬೇರೆ ಬೇರೆ ಕಾಯಿಲೆ. ಕೊನೆಯದಾಗಿ ಸರಿಯಿದ್ದದ್ದು ಯಾವಾಗ, ಆಮೇಲೆ ಏನಾಯಿತು ಎಂದೂ ಕೇಳಿ.

☑ ಅವರು ಹೇಳಿದ್ದು: “ಮೊನ್ನೆ ಮೇಜಿನಿಂದ ಜಾರಿ ಬಿತ್ತು, ಆದರೂ ಆ ದಿನ ಕೆಲಸ ಮಾಡಿತು. ಬೆಳಿಗ್ಗೆ ದೀಪ ಉರಿಯಿತು, ಪರದೆ ಬರಲಿಲ್ಲ. ಪ್ರಬಂಧದ ಎರಡು ಅಧ್ಯಾಯ ಇದರಲ್ಲೇ ಇದೆ, ಬೇರೆ ಪ್ರತಿ ಇಲ್ಲ.”

ಈ ಕೊನೆಯ ವಾಕ್ಯವನ್ನು ಕೆಂಪು ಶಾಯಿಯಲ್ಲಿ ಬರೆದಿದ್ದೇನೆ. ಇಲ್ಲಿ ಯಂತ್ರಕ್ಕಿಂತ ಕಡತ ದೊಡ್ಡದು. ಫಾರ್ಮ್ಯಾಟ್, ರಿಸೆಟ್, `chkdsk` ಯಾವುದನ್ನೂ ಗ್ರಾಹಕರ ಲಿಖಿತ ಒಪ್ಪಿಗೆ ಇಲ್ಲದೆ ಮುಟ್ಟುವಂತಿಲ್ಲ.

☑ ಬಿಟ್‌ಲಾಕರ್‌ನ 48 ಅಂಕಿಯ ರಿಕವರಿ ಕೀ ತಮ್ಮ ಖಾತೆಯಲ್ಲಿ ಸಿಗುತ್ತದೆ ಎಂದು ಅವರೇ ನಮ್ಮೆದುರು ತೆರೆದು ನೋಡಿದರು. ಕೀಯನ್ನಾಗಲಿ ಪಾಸ್‌ವರ್ಡನ್ನಾಗಲಿ ಈ ಹಾಳೆಯಲ್ಲಿ ಬರೆದಿಲ್ಲ.

2. ಹೊರನೋಟ, ಪವರ್ ಬಟನ್ ಒತ್ತುವ ಮೊದಲು

☑ ನಾಲ್ಕೂ ಬದಿಯ ಫೋಟೋ ತೆಗೆದಿದೆ. ಬಲ ಮೂಲೆ ಒಳಕ್ಕೆ ತಗ್ಗಿದೆ. ಗ್ರಾಹಕರಿಗೆ ತೋರಿಸಿ ಒಪ್ಪಿಸಿದೆ.
☑ ದ್ರವ ಬಿದ್ದ ಗುರುತು, ಅಂಟು, ವಾಸನೆ ಇಲ್ಲ. ಇದ್ದಿದ್ದರೆ ಆನ್ ಮಾಡಿ ನೋಡುವ ಮಾತೇ ಇಲ್ಲ; ಮೊದಲು ಬ್ಯಾಟರಿ ಕಳಚಬೇಕು.
☑ ಸಮತಟ್ಟಾದ ಮೇಜಿನ ಮೇಲೆ ಅಲುಗಾಡುವುದಿಲ್ಲ, ಟಚ್‌ಪ್ಯಾಡ್ ಉಬ್ಬಿಲ್ಲ. ಉಬ್ಬಿದ ಬ್ಯಾಟರಿಯನ್ನು ಚಾರ್ಜ್ ಮಾಡಬಾರದು, ಚೂಪಾದ ಸಾಧನದಿಂದ ಎಬ್ಬಿಸಬಾರದು.

3. ವಿದ್ಯುತ್

ಗ್ರಾಹಕರ ಅಡಾಪ್ಟರ್, ನಮ್ಮ ಅಡಾಪ್ಟರ್ ಎರಡರಲ್ಲೂ ನೋಡಿ. ಟೈಪ್-ಸಿ ಮೀಟರ್ 5 ವೋಲ್ಟ್‌ನಲ್ಲೇ ನಿಂತರೆ ಕೇಬಲ್, ಪೋರ್ಟ್ ಅಥವಾ ಬೋರ್ಡಿನ ಚಾರ್ಜಿಂಗ್ ಭಾಗದ ಮೇಲೆ ಅನುಮಾನ.

☑ ಎರಡರಲ್ಲೂ 20 ವೋಲ್ಟ್. ವಿದ್ಯುತ್ ಸರಿಯಾಗಿ ಒಳಗೆ ಹೋಗುತ್ತಿದೆ.

4. ಎಲ್ಲಿ ನಿಲ್ಲುತ್ತದೆ

☑ ದೀಪ ಬರುತ್ತದೆ, ಫ್ಯಾನ್ ತಿರುಗುತ್ತದೆ. ಕ್ಯಾಪ್ಸ್ ಲಾಕ್ ದೀಪ ಬದಲಾಗುವುದಿಲ್ಲ.
☑ ಟಾರ್ಚ್ ಓರೆಯಾಗಿ ಹಿಡಿದರೂ ಪರದೆಯಲ್ಲಿ ಮಸುಕಾದ ಚಿತ್ರ ಇಲ್ಲ. ಹೊರಗಿನ ಮಾನಿಟರ್ ಕೂಡ ಖಾಲಿ. ಹಾಗಾಗಿ ಪರದೆಯ ದೋಷವಲ್ಲ, ಯಂತ್ರ ಅದಕ್ಕಿಂತ ಮೊದಲೇ ನಿಲ್ಲುತ್ತಿದೆ.
☑ ಬೀಪ್ ಇಲ್ಲ, ಎಣಿಸಬಹುದಾದ ಮಿಣುಕು ಇಲ್ಲ. ಇದ್ದರೆ ಎಣಿಸಿ ತಯಾರಕರ ಕೈಪಿಡಿಯಲ್ಲೇ ನೋಡಬೇಕು. ಒಂದೇ ಮಿಣುಕಿಗೆ ಮಾದರಿಯಿಂದ ಮಾದರಿಗೆ ಅರ್ಥ ಬದಲಾಗುತ್ತದೆ.

5. ಒಳಗೆ

☑ ಅಡಾಪ್ಟರ್ ತೆಗೆದು, ಬ್ಯಾಟರಿ ಕನೆಕ್ಟರ್ ಕಳಚಿ, ಪವರ್ ಬಟನ್ 30 ಸೆಕೆಂಡ್ ಒತ್ತಿ ಹಿಡಿದೆ. ಮತ್ತೆ ಜೋಡಿಸಿದಾಗಲೂ ಅದೇ ಸ್ಥಿತಿ.
☑ ಬ್ಯಾಟರಿ ಮತ್ತೆ ಕಳಚಿ ಸ್ಲಾಟ್‌ನ ರ‍್ಯಾಮ್ ನೋಡಿದೆ. ಒಂದು ಬದಿಯ ಕ್ಲಿಪ್ ಬಿಟ್ಟುಕೊಂಡಿತ್ತು, ಕಡ್ಡಿ ಒಂದು ಕೂದಲೆಳೆಯಷ್ಟು ಓರೆಯಾಗಿ ನಿಂತಿತ್ತು. ಅದನ್ನು ತೆಗೆದು, ಬೆಸೆದ ರ‍್ಯಾಮ್ ಒಂದರಲ್ಲೇ ಆನ್ ಮಾಡಿದೆ.

ಇಲ್ಲಿ ಅವಸರ ಪಡಬೇಡಿ. ರ‍್ಯಾಮ್ ಬದಲಾದ ಮೇಲೆ ಯಂತ್ರ ಅದನ್ನು ಹೊಸದಾಗಿ ಅಳೆಯುತ್ತದೆ. ಕೆಲವು ನಿಮಿಷ ಪರದೆ ಕಪ್ಪಾಗಿಯೇ ಇರಬಹುದು. ಇಪ್ಪತ್ತನೇ ಸೆಕೆಂಡಿಗೆ ಬಟನ್ ಒತ್ತಿ ಆಫ್ ಮಾಡಿ, ಒಳ್ಳೆಯ ಬೋರ್ಡನ್ನು ‘ಸತ್ತಿದೆ’ ಎಂದು ಬರೆದದ್ದನ್ನು ನಾನು ಕಂಡಿದ್ದೇನೆ.

☑ ಎರಡನೇ ನಿಮಿಷಕ್ಕೆ ಲೋಗೋ ಬಂತು.
☑ ಸಂಪರ್ಕ ಬಿಂದುಗಳನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ ಕಡ್ಡಿಯನ್ನು ನೇರವಾಗಿ ಕೂರಿಸಿದೆ: ಮತ್ತೆ ಕಪ್ಪು. ನಮ್ಮ ಪರೀಕ್ಷಾ ಕಡ್ಡಿ ಹಾಕಿದೆ: ಲೋಗೋ. ಸ್ಲಾಟ್ ಸರಿಯಿದೆ, ಅವರ ರ‍್ಯಾಮ್ ಕೆಟ್ಟಿದೆ.

6. ಎಸ್‌ಎಸ್‌ಡಿ

ಬಯಾಸ್‌ನಲ್ಲಿ ಡ್ರೈವ್ ಕಾಣುತ್ತದೆಯೇ ಎಂದು ನೋಡಿ, ಏನನ್ನೂ ಬದಲಿಸದೆ ಹೊರಬನ್ನಿ. ಸೆಕ್ಯೂರ್ ಬೂಟ್ ತೆಗೆದರೆ ಬಿಟ್‌ಲಾಕರ್ ಕೀ ಕೇಳಬಹುದು; ಸ್ಟೋರೇಜ್ ಮೋಡ್ ಬದಲಿಸಿದರೆ ಚೆನ್ನಾಗಿದ್ದ ವಿಂಡೋಸ್ ಕೂಡ ಏಳದಿರಬಹುದು. ಬಿದ್ದ ಯಂತ್ರವಾದ್ದರಿಂದ ಲಿನಕ್ಸ್ ಪೆನ್‌ಡ್ರೈವ್‌ನಿಂದ ಓದಿದೆ:

```
sudo smartctl -a /dev/nvme0n1
```

☑ Critical Warning: 0x00. Media and Data Integrity Errors: 0. Percentage Used: 11%. ಇಲ್ಲಿ ದೋಷಗಳು ಕಂಡಿದ್ದರೆ ವಿಂಡೋಸ್‌ಗೆ ಹೋಗದೆ ಮೊದಲು ಡ್ರೈವ್‌ನ ಪೂರ್ತಿ ನಕಲು ತೆಗೆಯಬೇಕಿತ್ತು.

7. ನಿರ್ಣಯ, ಗ್ರಾಹಕರಿಗೆ ಹೇಳಿದ್ದು

☑ ಬಿದ್ದಾಗ ಸಡಿಲಗೊಂಡ ರ‍್ಯಾಮ್ ಕಡ್ಡಿ ಕೆಟ್ಟಿದೆ, ಹೊಸದು ಬೇಕು. ಬೋರ್ಡ್, ಪರದೆ, ಎಸ್‌ಎಸ್‌ಡಿಯಲ್ಲಿ ಈವರೆಗೆ ದೋಷ ಕಂಡಿಲ್ಲ. ಬೆಸೆದ ರ‍್ಯಾಮ್‌ಗೆ ಮೆಮ್‌ಟೆಸ್ಟ್ ಇಂದು ರಾತ್ರಿಯಿಡೀ ಓಡಬೇಕು. ಅದು ಮುಗಿಯುವವರೆಗೆ ‘ಸರಿಯಾಗಿದೆ’ ಎಂದು ಹೇಳಿಲ್ಲ.
☑ ಬೆಸೆದ ರ‍್ಯಾಮ್ ಒಂದರಲ್ಲೇ ವಿಂಡೋಸ್ ತೆರೆಯಿತು. ಪಾಸ್‌ವರ್ಡ್ ಅವರೇ ಹಾಕಿ, ಎರಡೂ ಅಧ್ಯಾಯಗಳನ್ನು ತಮ್ಮ ಪೆನ್‌ಡ್ರೈವ್‌ಗೆ ಹಾಕಿಕೊಂಡು, ನಮ್ಮ ಇನ್ನೊಂದು ಕಂಪ್ಯೂಟರ್‌ನಲ್ಲಿ ತೆರೆದು ನೋಡಿ, ಆಮೇಲೆ ಸಹಿ ಮಾಡಿದರು.