ಎಟಿಎಂನಿಂದ ಬಾರದ ₹10,000: ಮಾವನ ಟಿಪ್ಪಣಿ ಮತ್ತು ಬ್ಯಾಂಕಿಗೆ ಕೊಡುವ ಪತ್ರ

ಮಾವ ವಾಟ್ಸಾಪ್‌ನಲ್ಲಿ ಕಳಿಸಿದ್ದು

ಮಾರ್ಚ್ 3 ಸೋಮವಾರ ಸಂಜೆ. ಏಳೂವರೆ ಇರಬಹುದು. ಬಸ್ ಸ್ಟ್ಯಾಂಡ್ ಹತ್ರದ ಎಟಿಎಂ, ನಮ್ಮ ಬ್ಯಾಂಕಿಂದಲ್ಲ. 10 ಸಾವಿರ ಒತ್ತಿದೆ. ಒಳಗೆ ಎಣಿಸೋ ಸದ್ದು ಬಂತು, ದುಡ್ಡು ಬರ್ಲಿಲ್ಲ. ಚೀಟಿನೂ ಇಲ್ಲ. ಮೆಸೇಜ್ ಮಾತ್ರ ಟಣ್ ಅಂತ ಬಂತು.

ಕಾಯಿ ಸುಲಿಯೋರು ಕಾಯ್ತಾ ಇದ್ರು. ಪಕ್ಕದ ಎಟಿಎಂಗೆ ಹೋಗಿ ಮತ್ತೆ 10 ಸಾವಿರ ತೆಗೆದೆ, ಅದು ಬಂತು.

ಕಸ್ಟಮರ್ ಕೇರ್‌ಗೆ ಅವತ್ತೇ ಫೋನ್. ಐದು ದಿನದಲ್ಲಿ ಬರುತ್ತೆ ಅಂದ್ರು. 10ನೇ ತಾರೀಕು ಮೆಸೇಜ್: ವಹಿವಾಟು ಯಶಸ್ವಿ, ದೂರು ಮುಕ್ತಾಯ. ಯಾರಿಗೆ ಯಶಸ್ವಿ?

11ಕ್ಕೆ ಬ್ರಾಂಚ್‌ಗೆ ಹೋದೆ. ಆ ಹುಡುಗ ತಲೆ ಎತ್ತಿ ನೋಡ್ಲಿಲ್ಲ. 19ಕ್ಕೆ ಪಕ್ಕದ್ಮನೆ ಹುಡುಗನ ಕೈಲಿ ಆಪ್‌ನಲ್ಲಿ ಹಾಕಿಸ್ದೆ, ಎರಡೇ ದಿನಕ್ಕೆ ಮುಚ್ಚಿದ್ರು. 24ಕ್ಕೆ ಮತ್ತೆ ಹೋದೆ. ಕ್ಯಾಮೆರಾ ನೋಡಿ ಅಂದೆ. ಅದು ಬೇರೆ ಬ್ಯಾಂಕಿಂದು, ನಾವೇನ್ ಮಾಡೋಣ ಅಂದ್ರು.

ಜನರನ್ನ ಸುಲಿಯೋ ಬ್ಯಾಂಕು ಅಂತ ಬರಿ. ಸಾಲ ಮಾಡಿ ಕೂಲಿ ಕೊಟ್ಟಿದ್ದೂ ಹಾಕು.

ನನ್ನ ಉತ್ತರ

ಮಾವ, ಪತ್ರ ಕೆಳಗಿದೆ. ಬೈಗುಳ ತೆಗೆದಿದ್ದೀನಿ, ಬೇಜಾರಾಗಬೇಡಿ. ಅದಿದ್ರೆ ಅವರು ಅದಕ್ಕೇ ಉತ್ತರ ಕೊಡ್ತಾರೆ, ದುಡ್ಡಿನ ಮಾತು ಪಕ್ಕಕ್ಕೆ ಹೋಗುತ್ತೆ. ಸಾಲದ ವಿಷಯಕ್ಕೆ ನಮ್ಮ ಹತ್ರ ಕಾಗದ ಇಲ್ಲ, ಅದನ್ನೂ ಬಿಟ್ಟೆ. ಏಳೂವರೆ ಅಂದಿದ್ರಿ, ಮೆಸೇಜ್‌ನಲ್ಲಿ 7:43 ಇದೆ. ಅದನ್ನೇ ಹಾಕಿದ್ದೀನಿ.

ಎರಡನೇ ಸಲ ತೆಗೆದ 10 ಸಾವಿರವನ್ನು ನಾವೇ ಮೊದಲು ಹೇಳಿಬಿಡೋಣ. ಅವರಿಗೆ ಗೊಂದಲ ಆಗೋದು ಅಲ್ಲೇ ಅನ್ಸುತ್ತೆ. ಎರಡು ಪ್ರತಿ ಮಾಡಿಸಿ, ಒಂದರ ಮೇಲೆ ತಾರೀಕು ಸಮೇತ ಸೀಲು ಹಾಕಿಸಿಕೊಳ್ಳದೆ ಬ್ರಾಂಚ್‌ನಿಂದ ಹೊರಗೆ ಬರಬೇಡಿ.

ಪತ್ರ

ದಿನಾಂಕ: 2 ಏಪ್ರಿಲ್ 2025
ಸ್ಥಳ: ತಿಪಟೂರು

ಇವರಿಂದ:
ರಂಗಸ್ವಾಮಿ
ಉಳಿತಾಯ ಖಾತೆ (ಕೊನೆಯ ನಾಲ್ಕು ಅಂಕಿ 4417)

ಇವರಿಗೆ:
ಶಾಖಾ ವ್ಯವಸ್ಥಾಪಕರು
ತಿಪಟೂರು ಶಾಖೆ

ವಿಷಯ: 3 ಮಾರ್ಚ್ 2025ರಂದು ಎಟಿಎಂನಿಂದ ಹಣ ಬಾರದೆ ಖಾತೆಯಿಂದ ಕಡಿತವಾದ ₹10,000 ಹಾಗೂ ವಿಳಂಬದ ಪರಿಹಾರ ಕೋರಿ ದೂರು

ಮಾನ್ಯರೇ,

ನಾನು ನಿಮ್ಮ ಶಾಖೆಯ ಗ್ರಾಹಕ. 3 ಮಾರ್ಚ್ 2025ರ ಸಂಜೆ ತಿಪಟೂರು ಬಸ್ ನಿಲ್ದಾಣದ ಹತ್ತಿರ ಇರುವ ಬೇರೊಂದು ಬ್ಯಾಂಕಿನ ಎಟಿಎಂನಲ್ಲಿ, ನಿಮ್ಮ ಬ್ಯಾಂಕು ಕೊಟ್ಟ ಡೆಬಿಟ್ ಕಾರ್ಡ್ (ಕೊನೆಯ ಅಂಕಿ 2086) ಬಳಸಿ ₹10,000 ತೆಗೆಯಲು ಹೋದೆ. ಹಣ ಬರಲಿಲ್ಲ, ರಸೀದಿಯೂ ಬರಲಿಲ್ಲ. ಆದರೆ 7:43ಕ್ಕೆ ಖಾತೆಯಿಂದ ₹10,000 ಕಡಿತವಾದ ಸಂದೇಶ ಬಂತು. ಈ ವಹಿವಾಟಿನ ಉಲ್ಲೇಖ ಸಂಖ್ಯೆ 506219004873. ಇವತ್ತಿನವರೆಗೂ ಆ ಹಣ ಖಾತೆಗೆ ಮರಳಿಲ್ಲ.

ಒಂದು ವಿಷಯ ಸ್ಪಷ್ಟಪಡಿಸುತ್ತೇನೆ. ಅದೇ ಸಂಜೆ 7:56ಕ್ಕೆ ಪಕ್ಕದ ಇನ್ನೊಂದು ಎಟಿಎಂನಿಂದ ₹10,000 ತೆಗೆದಿದ್ದೇನೆ. ಆ ಹಣ ನನ್ನ ಕೈಗೆ ಬಂದಿದೆ, ಅದರ ಬಗ್ಗೆ ತಕರಾರಿಲ್ಲ. ಖಾತೆಯಲ್ಲಿ ಆ ಸಂಜೆ ಒಂದೇ ಮೊತ್ತದ ಎರಡು ಕಡಿತಗಳಿವೆ. ನನ್ನ ದೂರು ಮೊದಲನೆಯದರ ಬಗ್ಗೆ ಮಾತ್ರ. ಪರಿಶೀಲನೆಯಲ್ಲಿ ಎರಡನ್ನೂ ಒಂದೇ ಎಂದು ತಿಳಿಯಬಾರದೆಂದು ಕೋರುತ್ತೇನೆ.

ನಡೆದದ್ದು ಹೀಗಿದೆ:

3 ಮಾರ್ಚ್, ರಾತ್ರಿ 8:10: ಗ್ರಾಹಕ ಸೇವಾ ಕೇಂದ್ರಕ್ಕೆ ಫೋನ್ ಮಾಡಿ ದೂರು ದಾಖಲಿಸಿದೆ. ಐದು ದಿನದಲ್ಲಿ ಹಣ ಮರಳುತ್ತದೆ ಎಂದರು.

10 ಮಾರ್ಚ್: "ವಹಿವಾಟು ಯಶಸ್ವಿಯಾಗಿದೆ, ದೂರು ಮುಕ್ತಾಯಗೊಂಡಿದೆ" ಎಂಬ ಸಂದೇಶ ಬಂತು. ಯಾವ ದಾಖಲೆ ನೋಡಿ ಹೀಗೆ ತೀರ್ಮಾನಿಸಿದರು ಎಂದು ತಿಳಿಸಲಿಲ್ಲ.

11 ಮಾರ್ಚ್: ಶಾಖೆಗೆ ಬಂದು ವಿಚಾರಿಸಿದೆ. ಕಾಯಲು ಹೇಳಿದರು. ಬರಹದಲ್ಲಿ ಏನನ್ನೂ ಕೊಡಲಿಲ್ಲ.

19 ಮಾರ್ಚ್: ಮೊಬೈಲ್ ಆಪ್ ಮೂಲಕ ಮತ್ತೆ ದೂರು ಕೊಟ್ಟೆ. 21ರಂದು ಅದೇ ಕಾರಣ ಹೇಳಿ ಮುಚ್ಚಲಾಯಿತು.

24 ಮಾರ್ಚ್: ಶಾಖೆಗೆ ಮತ್ತೆ ಬಂದು ಸಿಸಿಟಿವಿ ದೃಶ್ಯ ಪರಿಶೀಲಿಸಲು ಕೇಳಿದೆ. ಎಟಿಎಂ ಬೇರೆ ಬ್ಯಾಂಕಿನದು, ತಮ್ಮಿಂದ ಏನೂ ಆಗದು ಎಂದರು.

ಈ ಕೊನೆಯ ಉತ್ತರವನ್ನು ನಾನು ಒಪ್ಪುವುದಿಲ್ಲ. ನನ್ನ ಖಾತೆ ಇರುವುದು ನಿಮ್ಮಲ್ಲಿ, ಕಾರ್ಡ್ ಕೊಟ್ಟವರು ನೀವು, ಹಣ ಕಡಿತವಾಗಿರುವುದೂ ನಿಮ್ಮ ಲೆಕ್ಕದಲ್ಲಿ. ಎಟಿಎಂ ನಡೆಸುವ ಬ್ಯಾಂಕಿನಿಂದ ದಾಖಲೆ ತರಿಸಿಕೊಳ್ಳಬೇಕಾದವರೂ ನೀವೇ. ಗ್ರಾಹಕನಾದ ನನಗೆ ಆ ಬ್ಯಾಂಕಿನ ಜೊತೆ ಯಾವ ವ್ಯವಹಾರವೂ ಇಲ್ಲ.

ಭಾರತೀಯ ರಿಸರ್ವ್ ಬ್ಯಾಂಕ್ 20 ಸೆಪ್ಟೆಂಬರ್ 2019ರಂದು ಹೊರಡಿಸಿದ, ವಿಫಲ ವಹಿವಾಟುಗಳ ಕಾಲಮಿತಿ ಮತ್ತು ಪರಿಹಾರದ ಸುತ್ತೋಲೆಯ ಪ್ರಕಾರ, ಖಾತೆಯಿಂದ ಹಣ ಕಡಿತವಾಗಿ ಎಟಿಎಂನಿಂದ ನೋಟು ಬಾರದಿದ್ದರೆ ವಹಿವಾಟಿನ ದಿನದ ನಂತರ ಹೆಚ್ಚೆಂದರೆ 5 ದಿನದೊಳಗೆ ಹಣ ಮರಳಿಸಬೇಕು. ಅದು ಮೀರಿದರೆ ದಿನಕ್ಕೆ ₹100ರಂತೆ ಪರಿಹಾರವನ್ನು ಖಾತೆಗೆ ಜಮಾ ಮಾಡಬೇಕು. ಇದಕ್ಕಾಗಿ ಗ್ರಾಹಕ ದೂರು ಕೊಡುವವರೆಗೆ ಕಾಯಬಾರದು ಎಂದೂ ಅದರಲ್ಲಿದೆ. ನನ್ನ ವಿಷಯದಲ್ಲಿ ಆ ಗಡುವು 8 ಮಾರ್ಚ್‌ಗೆ ಮುಗಿದಿದೆ. 9 ಮಾರ್ಚ್‌ನಿಂದ ಇವತ್ತಿನವರೆಗೆ, ಎರಡೂ ದಿನ ಸೇರಿ, 25 ದಿನಗಳ ವಿಳಂಬ.

ಆದ್ದರಿಂದ ನನ್ನ ಬೇಡಿಕೆ:

ಕಡಿತವಾದ ₹10,000 ಅನ್ನು ನನ್ನ ಖಾತೆಗೆ ಜಮಾ ಮಾಡಬೇಕು. ಅದರ ಜೊತೆಗೆ ಇವತ್ತಿನವರೆಗಿನ ಪರಿಹಾರ ₹2,500 ಕೊಡಬೇಕು. ಎರಡೂ ಸೇರಿ ₹12,500. ಹಣ ಜಮಾ ಆಗುವುದು ತಡವಾದಷ್ಟೂ ದಿನಕ್ಕೆ ₹100 ಸೇರುತ್ತಾ ಹೋಗುತ್ತದೆ.

ವಹಿವಾಟು ಯಶಸ್ವಿ ಎಂಬುದೇ ನಿಮ್ಮ ನಿಲುವಾದರೆ, ಅದಕ್ಕೆ ಆಧಾರವಾದ ಎಟಿಎಂ ಯಂತ್ರದ ವಹಿವಾಟು ದಾಖಲೆ ಮತ್ತು ಆ ಯಂತ್ರದ ನಗದು ಲೆಕ್ಕದ ವಿವರವನ್ನು ನನಗೆ ಕೊಡಬೇಕು. ಯಂತ್ರದಲ್ಲಿ ಲೆಕ್ಕಕ್ಕಿಂತ ಜಾಸ್ತಿ ಹಣ ಉಳಿದಿತ್ತೇ ಎಂಬುದನ್ನು ಖಚಿತವಾಗಿ ತಿಳಿಸಬೇಕು. ಆ ಸಂಜೆ 7:35ರಿಂದ 7:50ರವರೆಗಿನ ಸಿಸಿಟಿವಿ ದೃಶ್ಯ ಅಳಿಸಿಹೋಗದಂತೆ ಉಳಿಸಿಡಲು ಸಂಬಂಧಪಟ್ಟ ಬ್ಯಾಂಕಿಗೆ ಇವತ್ತೇ ಬರೆಯಬೇಕು. ಈ ಕೆಲಸಕ್ಕೆ ತಡವಾದರೆ ಆಮೇಲೆ ಪ್ರಯೋಜನವಿಲ್ಲ.

ಈ ಪತ್ರ ತಲುಪಿದ 10 ದಿನದೊಳಗೆ, ಅಂದರೆ 12 ಏಪ್ರಿಲ್ 2025ರೊಳಗೆ, ಕನ್ನಡದಲ್ಲಿ ಲಿಖಿತ ಉತ್ತರ ಕೊಡಬೇಕೆಂದು ಕೋರುತ್ತೇನೆ. ಸಮಾಧಾನಕರ ಉತ್ತರ ಬಾರದಿದ್ದರೆ, ರಿಸರ್ವ್ ಬ್ಯಾಂಕಿನ ಸಮಗ್ರ ಓಂಬುಡ್ಸ್‌ಮನ್ ಯೋಜನೆ, 2021ರ ನಿಯಮಗಳಂತೆ cms.rbi.org.in ಮೂಲಕ ದೂರು ಸಲ್ಲಿಸುತ್ತೇನೆ. ಆ ದೂರಿನ ಜೊತೆ ಈ ಪತ್ರದ ಸ್ವೀಕೃತಿ ಪ್ರತಿಯನ್ನೂ ಲಗತ್ತಿಸುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ರಂಗಸ್ವಾಮಿ

ಲಗತ್ತುಗಳು: 3 ಮಾರ್ಚ್‌ನ ಎರಡೂ ಕಡಿತಗಳ ಸಂದೇಶಗಳ ಚಿತ್ರ, ಮಾರ್ಚ್ ತಿಂಗಳ ಖಾತೆ ವಿವರ (ತಕರಾರಿನ ಸಾಲಿಗೆ ಗುರುತು ಹಾಕಿದೆ), 10 ಮತ್ತು 21 ಮಾರ್ಚ್‌ನ ದೂರು ಮುಕ್ತಾಯದ ಸಂದೇಶಗಳು, ಎಟಿಎಂ ಮೇಲಿನ ಗುರುತು ಸಂಖ್ಯೆಯ ಫೋಟೊ.