ವಿಷಯ: ಉಳಿತಾಯ ವಿಮೆಯ ಪಾಲಿಸಿ ನನಗೆ ಬೇಡ, ಇನ್ನು ಮುಂದೆ ಕರೆ ಮಾಡದಿರಲು ವಿನಂತಿ

ಮಾನ್ಯರೇ,

ವಂದನೆಗಳು. ನೀವು ನಮ್ಮ ಮನೆಗೆ ಬಂದು ವಿವರಿಸಿದ 20 ವರ್ಷಗಳ ಉಳಿತಾಯ ವಿಮೆಯ ಪಾಲಿಸಿಯನ್ನು ನಾನು ತೆಗೆದುಕೊಳ್ಳುವುದಿಲ್ಲ. ಈಗ ಬೇಡ, ಮುಂದಿನ ತಿಂಗಳೂ ಬೇಡ, ಕಂತಿನ ಮೊತ್ತವನ್ನು ಇಳಿಸಿದರೂ ಬೇಡ. ಇದು ನಾನು ಮತ್ತು ನಮ್ಮ ಯಜಮಾನರು ಕುಳಿತು ಮಾತಾಡಿ ಕೈಗೊಂಡ ತೀರ್ಮಾನ. ಈ ಮಾತನ್ನು ಫೋನಿನಲ್ಲಿ ಹೇಳಿದಾಗಲೆಲ್ಲ ಅದರ ಮೇಲೆ ಇನ್ನೊಂದು ಪ್ರಶ್ನೆ ಬರುತ್ತಿರುವುದರಿಂದ, ನಿಮ್ಮ ಬಳಿಯೂ ನನ್ನ ಬಳಿಯೂ ಒಂದು ದಾಖಲೆಯಾಗಿ ಉಳಿಯಲಿ ಎಂದು ಬರೆದು ತಿಳಿಸುತ್ತಿದ್ದೇನೆ.

ನೀವು ಬಂದ ದಿನ ನಾನು "ಯೋಚಿಸಿ ಹೇಳುತ್ತೇನೆ" ಎಂದಿದ್ದೆ. ಅದು ನಿಮ್ಮನ್ನು ಸಾಗಹಾಕುವುದಕ್ಕೆ ಆಡಿದ ಮಾತಲ್ಲ. ನಿಜಕ್ಕೂ ಯೋಚಿಸುವುದಿತ್ತು, ಯೋಚಿಸಿದೆ. ನೀವು ಕೊಟ್ಟುಹೋದ ಲೆಕ್ಕದ ಹಾಳೆಯನ್ನು ಸಾಲುಸಾಲಾಗಿ ಓದಿ, ನನಗೆ ತಿಳಿದಷ್ಟು ಲೆಕ್ಕ ಹಾಕಿ, ಆಮೇಲೆ ಬೇಡವೆಂದು ನಿಮಗೆ ಹೇಳಿದೆ. ಅದಾದ ಮೇಲೂ ಕರೆಗಳು ನಿಲ್ಲಲಿಲ್ಲ. ಒಮ್ಮೆ ನೀವು, ಒಮ್ಮೆ ನಿಮ್ಮ ಕಚೇರಿಯ ಹುಡುಗ, ಇನ್ನೊಮ್ಮೆ ನಿಮ್ಮ ಮೇಲಧಿಕಾರಿ ಎಂದು ಪರಿಚಯಿಸಿಕೊಂಡ ಹಿರಿಯರು, ಹೀಗೆ ಒಬ್ಬರಾದ ಮೇಲೊಬ್ಬರು ಬೇರೆ ಬೇರೆ ನಂಬರುಗಳಿಂದ ಅದೇ ಪಾಲಿಸಿಯ ಬಗ್ಗೆ ಕೇಳುತ್ತಿದ್ದೀರಿ. ಒಂದು ನಂಬರನ್ನು ತಡೆಹಿಡಿದರೆ ಮತ್ತೊಂದರಿಂದ ಕರೆ ಬರುತ್ತದೆ.

ಪರಿಚಯವಿಲ್ಲದ ನಂಬರಿನ ಕರೆಯನ್ನು ಸ್ವೀಕರಿಸದೆ ಬಿಟ್ಟುಬಿಡುವ ಸ್ಥಿತಿಯಲ್ಲಿ ನಾನಿಲ್ಲ ಎಂಬುದನ್ನು ನೀವು ಅರ್ಥಮಾಡಿಕೊಳ್ಳಬೇಕು. ನಮ್ಮ ಅತ್ತೆಯವರು ಹೃದ್ರೋಗಿ. ನಾನು ಕೆಲಸಕ್ಕೆ ಹೋದಾಗ ಅವರನ್ನು ನೋಡಿಕೊಳ್ಳುವ ಹೆಣ್ಣುಮಗಳು, ತನ್ನ ಫೋನಿನಲ್ಲಿ ಚಾರ್ಜ್ ಮುಗಿದಿದ್ದರೆ, ಪಕ್ಕದ ಮನೆಯವರ ಫೋನಿನಿಂದಲೋ ಔಷಧದಂಗಡಿಯ ಫೋನಿನಿಂದಲೋ ಕರೆ ಮಾಡುವುದುಂಟು. ಹಾಗಾಗಿ ಕೆಲಸದ ನಡುವೆ ಹೊಸ ನಂಬರು ಕಂಡೊಡನೆ ಎಲ್ಲವನ್ನೂ ಬಿಟ್ಟು ಹೊರಗೆ ಬಂದು ಕರೆ ಸ್ವೀಕರಿಸುತ್ತೇನೆ. ಆ ಕಡೆಯಿಂದ "ಮೇಡಂ, ಏನು ನಿರ್ಧಾರ ಮಾಡಿದಿರಿ?" ಎಂಬ ಧ್ವನಿ ಕೇಳಿದಾಗ, ಕೆಟ್ಟ ಸುದ್ದಿಯಲ್ಲವಲ್ಲ ಎಂದು ಮನಸ್ಸು ಹಗುರಾದರೂ, ಕೈಕಾಲಿನ ನಡುಕ ಇಳಿಯಲು ಸ್ವಲ್ಪ ಹೊತ್ತು ಬೇಕಾಗುತ್ತದೆ. ನಿಮಗೆ ಇದು ತಿಳಿದಿರಲಾರದು ಎಂದೇ ಭಾವಿಸಿದ್ದೇನೆ. ಈಗ ತಿಳಿಸಿದ್ದೇನೆ.

ಬೇಡ ಎನ್ನುವುದಕ್ಕೆ ಕಾರಣ ಕೊಡಬೇಕಾದ ಕಟ್ಟುಪಾಡು ನನಗಿಲ್ಲ. ಆದರೂ ನೀವು ಒಂದು ಸಂಜೆಯನ್ನು ನಮಗಾಗಿ ಕೊಟ್ಟಿದ್ದೀರಿ, ಕೇಳಿದ ಪ್ರಶ್ನೆಗಳಿಗೆಲ್ಲ ಬೇಸರಿಸದೆ ಉತ್ತರಿಸಿದ್ದೀರಿ; ಆ ಗೌರವಕ್ಕಾಗಿ ಕಾರಣಗಳನ್ನು ಒಂದು ಸಲ ಬರೆಯುತ್ತೇನೆ. ಇವನ್ನು ಸಮಾಧಾನ ಹೇಳಬೇಕಾದ ಆಕ್ಷೇಪಣೆಗಳೆಂದು ದಯವಿಟ್ಟು ತೆಗೆದುಕೊಳ್ಳಬೇಡಿ.

ನಿಮ್ಮ ಹಾಳೆಯಲ್ಲಿ ನೀವು ಕೆಂಪು ಪೆನ್ನಿನಿಂದ ಸುತ್ತು ಹಾಕಿದ ಅಂಕಿ ಕೊನೆಯ ಸಾಲಿನದು, ಅವಧಿ ಮುಗಿದಾಗ ಕೈಗೆ ಬರುವ ಮೊತ್ತ. ವಾರ್ಷಿಕ ಕಂತನ್ನು 100 ಎಂದು ಇಟ್ಟುಕೊಂಡರೆ, 15 ವರ್ಷ ಕಟ್ಟುವ ಒಟ್ಟು ಹಣ 1500. ಇಪ್ಪತ್ತನೆಯ ವರ್ಷದ ಕೊನೆಗೆ ಬರುವುದು 2400. ಕಟ್ಟಿದ್ದಕ್ಕಿಂತ ಶೇಕಡಾ 60ರಷ್ಟು ಹೆಚ್ಚು ಎಂದು ನೀವು ಹೇಳಿದ್ದು ಸುಳ್ಳಲ್ಲ. ಆದರೆ ಆ ಹೆಚ್ಚಳ ಎಷ್ಟು ವರ್ಷಗಳಲ್ಲಿ ಆಗುತ್ತದೆ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕಲ್ಲವೇ? ಪ್ರತಿ ಕಂತನ್ನೂ ವರ್ಷದ ಆರಂಭದಲ್ಲಿ ಕಟ್ಟುತ್ತೇನೆ ಎಂದಿಟ್ಟುಕೊಂಡು ಚಕ್ರಬಡ್ಡಿಯ ಲೆಕ್ಕ ಹಾಕಿದರೆ, ಇದು ವರ್ಷಕ್ಕೆ ಸುಮಾರು ಶೇಕಡಾ 3.6ರ ಗಳಿಕೆಯಾಗುತ್ತದೆ. ಆ ದರದಲ್ಲಿ ಇಟ್ಟ ಹಣ ಎರಡರಷ್ಟಾಗಲು ಹೆಚ್ಚುಕಡಿಮೆ 20 ವರ್ಷ ಬೇಕು. ಅದೂ ಬೋನಸ್ ನೀವು ತೋರಿಸಿದಷ್ಟೇ ಬಂದರೆ ಮಾತ್ರ. ಅದೇ ಹಾಳೆಯ ಪಕ್ಕದ ಅಂಕಣದಲ್ಲಿ ಖಚಿತವಾಗಿ ಸಿಗುವ ಮೊತ್ತವನ್ನು ಪ್ರತ್ಯೇಕವಾಗಿ ಕೊಟ್ಟಿದ್ದಾರೆ, ಅದು ಇದಕ್ಕಿಂತ ಬಹಳ ಕಡಿಮೆ. ಕೆಂಪು ಸುತ್ತು ಆ ಅಂಕಿಯ ಮೇಲಿರಲಿಲ್ಲ.

ರಕ್ಷಣೆಯ ವಿಷಯ ನನಗೆ ಇದಕ್ಕಿಂತ ಮುಖ್ಯ. ನೀವು ಸೂಚಿಸಿದ ಕಂತು ನನ್ನ ವಾರ್ಷಿಕ ಸಂಪಾದನೆಯ ಹತ್ತನೆಯ ಒಂದು ಭಾಗ. ವಿಮಾ ಮೊತ್ತ ಆ ಕಂತಿನ ಹತ್ತು ಪಟ್ಟು. ಎಂದರೆ, ನನಗೇನಾದರೂ ಆದರೆ ಮನೆಯವರ ಕೈಗೆ ಬರುವುದು ನನ್ನ ಒಂದು ವರ್ಷದ ಸಂಪಾದನೆಯಷ್ಟು ಹಣ. ಇನ್ನೂ ಶಾಲೆಯಲ್ಲಿರುವ ಇಬ್ಬರು ಮಕ್ಕಳಿಗೆ, ದಿನವೂ ಔಷಧ ಬೇಕಾದ ಹಿರಿಯರಿಗೆ ಅದು ಎಷ್ಟು ದಿನಕ್ಕಾದೀತು? ನನ್ನ ಬಳಿ ಈಗಾಗಲೇ ಇರುವ ಟರ್ಮ್ ಪಾಲಿಸಿಯಲ್ಲಿ ಹದಿನೈದು ವರ್ಷಗಳ ಸಂಪಾದನೆಯಷ್ಟು ರಕ್ಷಣೆಯಿದೆ, ಅದರ ಕಂತು ನೀವು ಹೇಳಿದ್ದರ ಒಂದು ಸಣ್ಣ ಭಾಗ. "ಅದರಲ್ಲಿ ಹಣ ವಾಪಸು ಬರುವುದಿಲ್ಲ, ಕಟ್ಟಿದ್ದೆಲ್ಲ ದಂಡ" ಎಂದು ನೀವು ಹೇಳಿದಿರಿ. ಅವಧಿ ಮುಗಿಯುವವರೆಗೆ ನಾನು ಬದುಕಿದ್ದರೆ ಹಣ ಬರುವುದಿಲ್ಲ ಎಂಬುದು ತಿಳಿದೇ ನಾನು ಅದನ್ನು ತೆಗೆದುಕೊಂಡಿದ್ದೇನೆ. ಅಷ್ಟೂ ವರ್ಷ ನನ್ನ ಮನೆಯವರಿಗೆ ಒಂದು ಆಸರೆ ಇತ್ತಲ್ಲ, ನಾನು ಕೊಟ್ಟ ಹಣ ಅದಕ್ಕೆ ಸಂದಿದೆ. ಉಳಿತಾಯವನ್ನು ಬೇರೆಯಾಗಿ ಮಾಡುತ್ತೇನೆ. ಅತ್ತೆಯವರನ್ನು ಹಠಾತ್ತನೆ ಆಸ್ಪತ್ರೆಗೆ ಸೇರಿಸಬೇಕಾದರೆ ಆ ಹಣವನ್ನು ಅಂದೇ ತೆಗೆಯಬಹುದು. ನಿಮ್ಮ ಪಾಲಿಸಿಯನ್ನು ಮೊದಲ ಕೆಲವು ವರ್ಷಗಳಲ್ಲಿ ನಿಲ್ಲಿಸಿದರೆ ಸಿಗುವ ಸರೆಂಡರ್ ಮೌಲ್ಯ ಕಟ್ಟಿದ ಹಣಕ್ಕಿಂತಲೂ ಕಡಿಮೆ ಎಂದು ನಿಮ್ಮ ಹಾಳೆಯೇ ಹೇಳುತ್ತದೆ. ನಮ್ಮಂಥ ಮನೆಗೆ ಹದಿನೈದು ವರ್ಷಗಳ ಕಾಲ ತಪ್ಪದೆ ಇಷ್ಟು ದೊಡ್ಡ ಕಂತು ಕಟ್ಟುತ್ತೇವೆಂದು ಮಾತು ಕೊಡುವುದು ಭಾರ.

"ತೆಗೆದುಕೊಂಡು ನೋಡಿ, ಬೇಡವಾದರೆ ದಾಖಲೆ ಕೈಗೆ ಬಂದ ಮೇಲೆ ಹಿಂದಿರುಗಿಸಬಹುದು" ಎಂದೂ ನೀವು ಹೇಳಿದ್ದುಂಟು. ಆ ಅವಕಾಶ ಇರುವುದು, ಪಾಲಿಸಿ ಬೇಕೆಂದು ಕೊಂಡವರು ಷರತ್ತುಗಳನ್ನು ಓದಿದ ಮೇಲೆ ತಮಗೆ ಹೇಳಿದ್ದಕ್ಕಿಂತ ಬೇರೆ ಏನಾದರೂ ಕಂಡರೆ ಹಿಂದೆ ಸರಿಯಲಿ ಎಂದು. ಬೇಡವೆಂದು ಮೊದಲೇ ತಿಳಿದಿರುವವಳು ಅದನ್ನು ನಂಬಿ ಸಹಿ ಹಾಕುವುದರಲ್ಲಿ ಅರ್ಥವಿಲ್ಲ.

ಇನ್ನೊಂದು ಮಾತನ್ನು ಬರೆಯಬೇಕೋ ಬೇಡವೋ ಎಂದು ಹಿಂದುಮುಂದು ನೋಡಿದೆ, ಬರೆಯದಿದ್ದರೆ ತಪ್ಪಾಗುತ್ತದೆ. ನಾನು ರಕ್ತದೊತ್ತಡಕ್ಕೆ ಮಾತ್ರೆ ತೆಗೆದುಕೊಳ್ಳುತ್ತೇನೆ ಎಂದಾಗ, "ಅದನ್ನು ಬರೆದರೆ ತಪಾಸಣೆ ಅದೂ ಇದೂ ಎಂದು ತಡವಾಗುತ್ತದೆ, 'ಇಲ್ಲ' ಎಂಬಲ್ಲೇ ಗುರುತು ಹಾಕೋಣ" ಎಂದಿರಿ. ವಿಮೆ ನಡೆಯುವುದೇ ಎರಡೂ ಕಡೆಯವರು ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಾರೆಂಬ ನಂಬಿಕೆಯ ಮೇಲೆ. ಅರ್ಜಿಯಲ್ಲಿ ಕಾಯಿಲೆಯನ್ನು ಮುಚ್ಚಿಟ್ಟದ್ದು ಮುಂದೆ ಹೊರಬಿದ್ದರೆ ಕ್ಲೇಮ್ ತಿರಸ್ಕೃತವಾಗಬಹುದು, ಪಾಲಿಸಿಯೇ ರದ್ದಾಗಬಹುದು. ಆ ಹೊತ್ತಿಗೆ ಉತ್ತರ ಹೇಳಲು ನಾನಿರುವುದಿಲ್ಲ. ಕಾಗದಪತ್ರ ಹಿಡಿದು ಅಲೆಯಬೇಕಾದವರು ನಾಮಿನಿಯಾದ ನಮ್ಮ ಯಜಮಾನರು. ಅರ್ಜಿಯನ್ನು ಯಾರು ತುಂಬಿದರೂ ಕೆಳಗಿನ ಸಹಿ ನನ್ನದೇ ಆಗಿರುತ್ತದೆ. ನೀವು ಕೆಟ್ಟ ಉದ್ದೇಶದಿಂದ ಹಾಗೆ ಹೇಳಿದಿರೆಂದು ನಾನು ಅನ್ನುವುದಿಲ್ಲ, ಕೆಲಸ ಬೇಗ ಮುಗಿಯಲೆಂಬ ಅವಸರ ಇದ್ದಿರಬಹುದು. ಆದರೂ ನಿಮ್ಮನ್ನು ನಂಬಿ ಕುಳಿತ ಬೇರೆ ಯಾರ ಅರ್ಜಿಯಲ್ಲಿಯೂ ಹೀಗೆ ಮಾಡಬೇಡಿ ಎಂದು ಕೇಳಿಕೊಳ್ಳುತ್ತೇನೆ.

ಕಳೆದ ವಾರ ನಮ್ಮ ಯಜಮಾನರಿಗೆ ಕರೆ ಮಾಡಿ, "ಮೇಡಂ ಒಪ್ಪಿದ್ದಾರೆ, ನಿಮ್ಮದೊಂದು ಮಾತು ಬಾಕಿ" ಎಂದು ಹೇಳಲಾಗಿದೆ. ನಾನು ಒಪ್ಪಿರಲಿಲ್ಲ. ಇದರಿಂದ ನಮ್ಮಿಬ್ಬರ ನಡುವೆ ಮನಸ್ತಾಪವೇನೂ ಆಗಲಿಲ್ಲ, ಏಕೆಂದರೆ ಅವರು ನೇರವಾಗಿ ನನ್ನನ್ನೇ ಕೇಳಿದರು. ಎಲ್ಲ ಮನೆಗಳಲ್ಲಿಯೂ ಹಾಗೆಯೇ ಆಗುತ್ತದೆಂದು ಹೇಳಲಾಗದು. ಅವರ ಉತ್ತರವೂ ಇದೇ: ಬೇಡ. ಆದ್ದರಿಂದ ಅವರಿಗಾಗಲಿ, ನನ್ನ ನಂಬರನ್ನು ನಿಮಗೆ ಕೊಟ್ಟ ಸಹೋದ್ಯೋಗಿಗಾಗಲಿ ಈ ವಿಷಯವಾಗಿ ಕರೆ ಹೋಗಬಾರದು. ಆ ಸಹೋದ್ಯೋಗಿ ನನ್ನೆದುರು ಸಂಕೋಚಪಡುವಂತೆ ಆಗಿರುವುದು ನನಗೆ ಬೇಸರ ತಂದಿದೆ.

ಇನ್ನು ನಿಮ್ಮಿಂದ ಆಗಬೇಕಾದದ್ದು. ನನ್ನ ಮತ್ತು ನಮ್ಮ ಯಜಮಾನರ ನಂಬರುಗಳನ್ನು ನಿಮ್ಮ ಪಟ್ಟಿಯಿಂದ ತೆಗೆಯಿರಿ, ನಿಮ್ಮ ಕಚೇರಿಯ ಇತರರಿಗೂ ತೆಗೆಯಲು ಹೇಳಿ, ಬೇರೆ ಏಜೆಂಟರಿಗೆ ಕೊಡಬೇಡಿ. ಲೆಕ್ಕದ ಹಾಳೆ ತಯಾರಿಸಲೆಂದು ನನ್ನ ಗುರುತಿನ ಚೀಟಿಯ ಫೋಟೋವನ್ನು ನೀವು ಫೋನಿನಲ್ಲಿ ತೆಗೆದುಕೊಂಡಿದ್ದಿರಿ. ಅದನ್ನು ಅಳಿಸಿಹಾಕಿ, ಕಾಗದದ ಪ್ರತಿ ಇದ್ದರೆ ಹರಿದುಹಾಕಿ. ನೀವು ಅರ್ಧ ತುಂಬಿದ್ದ ಅರ್ಜಿ ನಮೂನೆಯನ್ನು ರದ್ದುಪಡಿಸಿ. ಅದಕ್ಕೆ ನಾನು ಸಹಿ ಹಾಕಿಲ್ಲ, ನನ್ನ ಖಾತೆಯಿಂದ ಕಂತು ಕಡಿತ ಮಾಡಲು ಯಾರಿಗೂ ಒಪ್ಪಿಗೆ ಕೊಟ್ಟಿಲ್ಲ, ನನ್ನ ಫೋನಿಗೆ ಬಂದ ಯಾವ ದೃಢೀಕರಣ ಸಂಖ್ಯೆಯನ್ನೂ ಯಾರಿಗೂ ಹೇಳಿಲ್ಲ, ಮುಂದೆಯೂ ಹೇಳುವುದಿಲ್ಲ. ನನ್ನ ಹೆಸರಿನಲ್ಲಿ ಯಾವುದೇ ಅರ್ಜಿ ಮುಂದೆ ಹೋದರೆ ಅದು ನನ್ನ ಒಪ್ಪಿಗೆಯಿಲ್ಲದೆ ಹೋದದ್ದು ಎಂಬುದಕ್ಕೆ ಈ ಪತ್ರವೇ ಸಾಕ್ಷಿ.

ಈ ಪತ್ರವನ್ನು ಸದ್ಯಕ್ಕೆ ನಿಮಗೊಬ್ಬರಿಗೇ ಕಳುಹಿಸುತ್ತಿದ್ದೇನೆ. ನಿಮ್ಮ ಕಂಪನಿಯ ದೂರು ವಿಭಾಗಕ್ಕೆ ಬರೆಯಬೇಕೆಂಬ ಇಚ್ಛೆ ನನಗಿಲ್ಲ. ಮನೆಮನೆ ಸುತ್ತಿ, ಹತ್ತು ಕಡೆ ಇಲ್ಲವೆನಿಸಿಕೊಂಡು, ಮತ್ತೆ ನಗುಮುಖದಿಂದ ಹನ್ನೊಂದನೆಯ ಮನೆಯ ಬಾಗಿಲು ತಟ್ಟುವ ಕೆಲಸ ಎಷ್ಟು ಕಷ್ಟದ್ದೆಂದು ನಾನು ಬಲ್ಲೆ. ತಿಂಗಳ ಗುರಿ ಮುಟ್ಟದಿದ್ದರೆ ನಿಮಗೆ ಮೇಲಿನವರಿಂದ ಮಾತು ಬರುತ್ತದೆ ಎಂಬುದನ್ನೂ ಊಹಿಸಬಲ್ಲೆ. ಆದರೆ ಈ ಪತ್ರ ತಲುಪಿದ ಮೇಲೂ ನಿಮ್ಮ ಕಡೆಯಿಂದ ಕರೆ ಬಂದರೆ, ಬಂದ ಕರೆಗಳ ದಿನ, ಹೊತ್ತು ಮತ್ತು ನಂಬರುಗಳೊಂದಿಗೆ ಇದರ ಪ್ರತಿಯನ್ನು ಕಂಪನಿಗೆ ಕಳುಹಿಸದೆ ನನಗೆ ಬೇರೆ ದಾರಿಯಿರುವುದಿಲ್ಲ. ಅಲ್ಲಿಯವರೆಗೆ ಹೋಗದಂತೆ ನೀವು ನೋಡಿಕೊಳ್ಳುವಿರೆಂದು ನಂಬಿದ್ದೇನೆ.

ಮುಂದೆ ಎಂದಾದರೂ ವಿಮೆಯ ಅಗತ್ಯ ಬಿದ್ದರೆ ನಾನೇ ವಿಚಾರಿಸಿಕೊಳ್ಳುತ್ತೇನೆ. ಅದಕ್ಕಾಗಿ ಯಾರೂ ನೆನಪಿಸಬೇಕಾಗಿಲ್ಲ. ಈ ಪತ್ರಕ್ಕೆ ವಿವರವಾದ ಉತ್ತರವೂ ಬೇಕಿಲ್ಲ. ಗುರುತಿನ ಚೀಟಿಯ ಫೋಟೋವನ್ನು ಅಳಿಸಿದ್ದೀರಿ, ನಂಬರುಗಳನ್ನು ಪಟ್ಟಿಯಿಂದ ತೆಗೆದಿದ್ದೀರಿ ಎಂದು ಒಂದು ಸಾಲಿನ ಸಂದೇಶ ಕಳುಹಿಸಿದರೆ ಸಾಕು.

ಇಂತಿ,
ನಿಮ್ಮ ವಿಶ್ವಾಸಿ,
ಮಾಲತಿ