ಲಾಂದ್ರದ ಗಾಜು ಹೇಳುವ ಕಥೆ

ಎಲ್ಲರಿಗೂ ನಮಸ್ಕಾರ. ಕಿಟಕಿಯ ಹತ್ತಿರ ಕುಳಿತಿರುವ ಮಕ್ಕಳು ಸ್ವಲ್ಪ ಮುಂದೆ ಬನ್ನಿ. ನನ್ನ ಕೈಯಲ್ಲಿರುವುದು ನಮ್ಮ ಅಜ್ಜಿಯ ಲಾಂದ್ರದ ಗಾಜು. ಬೆಳಕಿಗೆ ಹಿಡಿದರೆ ಅಂಚಿನ ಕೆಳಗೆ ಸಾಸಿವೆ ಕಾಳಿನಷ್ಟು ಗುಳ್ಳೆಯೊಂದು ಕಾಣುತ್ತದೆ. ಗಾಜು ಕರಗಿದ್ದಾಗ ಒಳಗೆ ಸಿಕ್ಕಿಕೊಂಡ ಗಾಳಿ ಅದು.

ಗಾಜಿನ ಮೂಲ ಮರಳು. ಬರೀ ಮರಳು ಕರಗಲು ಸುಮಾರು 1,700 ಡಿಗ್ರಿ ಸೆಲ್ಸಿಯಸ್ ಕಾವು ಬೇಕು. ಹಳೆಯ ಕಾಲದ ಕುಲುಮೆಗೆ ಅದು ಎಟುಕದ ಮಾತು. ಗಿಡದ ಬೂದಿಯಲ್ಲಿರುವ ಸೋಡಾ ಬೆರೆಸಿದರೆ ಸಾವಿರ ಡಿಗ್ರಿಯ ಆಸುಪಾಸಿನಲ್ಲೇ ಕರಗುತ್ತದೆ. ಇದನ್ನು ಮೊದಲು ಕಂಡುಕೊಂಡವರು ಯಾರು? ಕ್ರಿ.ಶ. ಮೊದಲನೇ ಶತಮಾನದ ರೋಮನ್ ಲೇಖಕ ಪ್ಲಿನಿ ಒಂದು ಕಥೆ ಬರೆದಿದ್ದಾನೆ. ಸೋಡಾ ಹೊತ್ತ ಹಡಗಿನ ವ್ಯಾಪಾರಿಗಳು ಸಮುದ್ರ ತೀರದಲ್ಲಿ ಅಡುಗೆಗೆ ಇಳಿದರಂತೆ. ಒಲೆಗೆ ಕಲ್ಲು ಸಿಗದೆ ಸೋಡಾ ಗಟ್ಟಿಗಳನ್ನೇ ಇಟ್ಟರಂತೆ. ಬೆಂಕಿಗೆ ಅದು ಮರಳಿನೊಡನೆ ಬೆರೆತು ಗಾಜಾಗಿ ಹರಿಯಿತಂತೆ. ಕಥೆ ಸೊಗಸಾಗಿದೆ, ಆದರೆ ಅಡುಗೆ ಒಲೆಗೆ ಅಷ್ಟು ಕಾವೆಲ್ಲಿ ಬರಬೇಕು! ಮೇಲಾಗಿ ಪ್ಲಿನಿಗಿಂತ ಎರಡು ಸಾವಿರ ವರ್ಷಕ್ಕೂ ಹಿಂದೆಯೇ ಮೆಸೊಪೊಟೇಮಿಯಾದಲ್ಲಿ, ಅಂದರೆ ಈಗಿನ ಇರಾಕಿನ ಸುತ್ತಮುತ್ತ, ಗಾಜಿನ ಮಣಿಗಳಿದ್ದವು.

ಗಾಜಿನ ಪಾತ್ರೆ ಬಂದದ್ದು ಕ್ರಿ.ಪೂ. 1500ರ ಸುಮಾರಿಗೆ. ಲೋಹದ ಸರಳಿನ ತುದಿಗೆ ಜೇಡಿಮಣ್ಣಿನ ಅಚ್ಚು ಮೆತ್ತಿ, ಅದಕ್ಕೆ ಕರಗಿದ ಗಾಜನ್ನು ಸುತ್ತುತ್ತಿದ್ದರು. ಆರಿದ ಮೇಲೆ ಒಳಗಿನ ಮಣ್ಣನ್ನು ಕೆರೆದು ತೆಗೆಯಬೇಕು. ಅಷ್ಟು ಪಾಡುಪಟ್ಟರೂ ಸಿಗುತ್ತಿದ್ದುದು ಅಂಗೈಯಗಲದ ಸುಗಂಧ ತೈಲದ ಶೀಶೆ. ಹಾಗಾಗಿ ಗಾಜು ಅರಮನೆಯ ಸೊತ್ತಾಗಿಯೇ ಉಳಿಯಿತು. ಟರ್ಕಿಯ ಉಲುಬುರುನ್ ಬಳಿ ಕ್ರಿ.ಪೂ. 14ನೇ ಶತಮಾನದ ಕೊನೆಯಲ್ಲಿ ಮುಳುಗಿದ ಹಡಗೊಂದರಲ್ಲಿ ಸುಮಾರು 175 ಗಾಜಿನ ಗಟ್ಟಿಗಳು ಸಿಕ್ಕಿವೆ, ಹೆಚ್ಚಿನವು ನೀಲಿ ಬಣ್ಣದವು. ಲ್ಯಾಪಿಸ್ ಲಾಜುಲಿಯಂಥ ಬೆಲೆಬಾಳುವ ನೀಲಿ ಕಲ್ಲುಗಳ ಬದಲಿಗೆ ಒದಗುತ್ತಿದ್ದ ಸರಕು ಅದು. ತಾಮ್ರದ ಗಟ್ಟಿಗಳ ಜೊತೆಗೇ ಸಾಗುತ್ತಿತ್ತು.

ಈ ಲೆಕ್ಕವನ್ನು ತಲೆಕೆಳಗು ಮಾಡಿದ್ದು ಉಸಿರು. ಜೆರುಸಲೇಮಿನ ಹಳೆಯ ಪಟ್ಟಣದಲ್ಲಿ ಕ್ರಿ.ಪೂ. ಮೊದಲನೇ ಶತಮಾನದ ಗಾಜಿನ ಕಸದ ರಾಶಿಯೊಂದು ಸಿಕ್ಕಿತು. ಅದರಲ್ಲಿ ಸಣ್ಣ ಗಾಜಿನ ಕೊಳವೆಗಳಿದ್ದವು. ಕೆಲವಕ್ಕೆ ಒಂದು ತುದಿಯನ್ನು ಕಾಯಿಸಿ ಮುಚ್ಚಿ, ಇನ್ನೊಂದು ತುದಿಯಿಂದ ಊದಿದ್ದರು, ಪುಗ್ಗೆಯ ಹಾಗೆ. ಮುಂದೆ ಕಬ್ಬಿಣದ ಊದುಗೊಳವೆ ಬಂತು. ಕಸಬುದಾರನು ಕೊಳವೆಯ ತುದಿಗೆ ಗಾಜಿನ ಮುದ್ದೆ ಅಂಟಿಸಿಕೊಂಡು, ಬಾಗದಂತೆ ತಿರುಗಿಸುತ್ತಾ ಊದಿದರೆ ಕೆಲವೇ ನಿಮಿಷಗಳಲ್ಲಿ ಶೀಶೆ ಸಿದ್ಧ.

ಸಿರಿಯಾ, ಪ್ಯಾಲೆಸ್ಟೈನ್ ಕಡೆಯ ಕಸಬುದಾರರು ರೋಮನ್ ಸಾಮ್ರಾಜ್ಯದ ದಾರಿಗಳನ್ನು ಹಿಡಿದು ಇಟಲಿಗೂ ಅದರಾಚೆಗೂ ಹೋದರು. ಕ್ರಿ.ಶ. ಮೊದಲನೇ ಶತಮಾನದಲ್ಲಿ ಎನ್ನಿಯೋನ್ ಎಂಬಾತ ಅಚ್ಚಿನೊಳಗೆ ಊದಿ, ಪಾತ್ರೆಯ ಮೈಮೇಲೆ ತನ್ನ ಹೆಸರನ್ನೂ ಗ್ರೀಕಿನಲ್ಲಿ ಮೂಡಿಸಿದ. ಅದೇ ಕಾಲಕ್ಕೆ ಗ್ರೀಕ್ ಭೂಗೋಳಜ್ಞ ಸ್ಟ್ರಾಬೊ ಬರೆಯುತ್ತಾನೆ: ರೋಮಿನಲ್ಲಿ ಒಂದು ತಾಮ್ರದ ಕಾಸಿಗೆ ಗಾಜಿನ ಲೋಟ ಸಿಗುತ್ತದೆ!

ಈಗ ಈ ಗಾಜನ್ನು ಕೈಯಿಂದ ಕೈಗೆ ದಾಟಿಸುತ್ತೇನೆ. ಗುಳ್ಳೆಯನ್ನು ಹುಡುಕಿ ನೋಡಿ. ಹುಷಾರು, ಬಿದ್ದರೆ ಅಜ್ಜಿಗೆ ನಾನು ಉತ್ತರ ಕೊಡಬೇಕು.